ಸಲಹೆ ಕೊಡುವ ಜಾಲತಾಣದಲ್ಲಿ ಎಚ್ಚರಿಕೆಯ ಸಾಲು: ಪುಟದ ಅಡಿಯಲ್ಲಿ ಹಾಕಿದರೆ ಸಾಕೇ?

ಸುಮಾ_ಅಂಗಳ

ನಾವು ನಾಲ್ಕು ಜನ ಸೇರಿ ನಡೆಸುವ ಕನ್ನಡ ತಾಣದಲ್ಲಿ ಆರೋಗ್ಯ, ಕಾನೂನು, ಹಣಕಾಸು ಮೂರೂ ವಿಭಾಗಗಳಿವೆ. ಎಲ್ಲ ಪುಟದ ಅಡಿಯಲ್ಲೂ ಇದೊಂದೇ ಪ್ಯಾರಾ ಬರುತ್ತದೆ:

> ಹಕ್ಕುನಿರಾಕರಣೆ: ಈ ಜಾಲತಾಣದಲ್ಲಿ ಪ್ರಕಟವಾದ ಮಾಹಿತಿಯು ಕೇವಲ ಸಾಮಾನ್ಯ ಮಾಹಿತಿಯ ಉದ್ದೇಶಕ್ಕಾಗಿದ್ದು, ಇದರ ನಿಖರತೆಗೆ ಸಂಸ್ಥೆಯು ಯಾವುದೇ ಹೊಣೆಗಾರಿಕೆಯನ್ನು ಹೊಂದಿರುವುದಿಲ್ಲ. ಓದುಗರು ಸಂಬಂಧಪಟ್ಟ ತಜ್ಞರನ್ನು ಸಂಪರ್ಕಿಸತಕ್ಕದ್ದು.

ಎಫ್‌ಡಿ ಬಗ್ಗೆ ಇರುವ ಒಂದು ಲೇಖನದಲ್ಲಿ "ಬ್ಯಾಂಕ್ ಮುಳುಗಿದರೂ ನಿಮ್ಮ ಎಫ್‌ಡಿಗೆ 5 ಲಕ್ಷದವರೆಗೆ ವಿಮೆ ಇದೆ, ಭಯ ಬೇಡ" ಎಂಬ ಸಾಲಿದೆ. ಅದರ ಕೆಳಗೆ ಓದುಗರೊಬ್ಬರು "ಹಾಗಾದರೆ ನಮ್ಮೂರ ಸೌಹಾರ್ದದಲ್ಲಿಟ್ಟ 4 ಲಕ್ಷಕ್ಕೂ ವಿಮೆ ಇದೆ ಅಂತಾಯ್ತು, ಧನ್ಯವಾದ" ಎಂದು ಬರೆದಿದ್ದಾರೆ. ಅಡಿಯ ಪ್ಯಾರಾ ಇದ್ದೂ ಹೀಗಾಗಿದೆ. ಆ ಪ್ಯಾರಾವನ್ನು ಇನ್ನೂ ಬಿಗಿಯಾಗಿ ಬರೆಯಬೇಕೇ, ಅಥವಾ ಬೇರೆ ದಾರಿ ಇದೆಯೇ?

ಪುಟ್ಟರಾಜು_ಎಂ

ಹಕ್ಕು ನಿರಾಕರಣೆ ಅಂದರೆ ಬೇರೆಯವರ ಫೋಟೋ, ಬರಹ ಹಾಕಿದಾಗ ಅದು ನಮ್ಮದಲ್ಲ ಅಂತ ಹೇಳೋದು ಅಲ್ವಾ? ಮೂಲ ಲೇಖಕರ ಹೆಸರು ಹಾಕಿ, ಅನುಮತಿ ಪತ್ರ ಇಟ್ಟುಕೊಳ್ಳಿ. ಅದರಿಂದ ಹಕ್ಕಿನ ತಕರಾರು ಬರೋದಿಲ್ಲ.

ಅಡಿಬರಹ

ಪುಟ್ಟರಾಜು ಅವರೇ, ನೀವು ಹೇಳಿದ್ದು ಬೇರೆ ವಿಷಯ. ಆದರೆ ನೀವು ಹಾಗೆ ಓದಿಕೊಂಡದ್ದರಿಂದಲೇ ಮೊದಲ ತಪ್ಪು ಸಿಕ್ಕಿತು. "ಹಕ್ಕುನಿರಾಕರಣೆ" ಎಂಬ ಪದ ನೋಡಿದ ಸಾಮಾನ್ಯ ಓದುಗರಿಗೆ ಕೃತಿಸ್ವಾಮ್ಯ ನೆನಪಾಗುತ್ತದೆ, ಇಲ್ಲವೇ ಏನೂ ಹೊಳೆಯುವುದಿಲ್ಲ. ಇದು ತಮ್ಮ ಹಣಕ್ಕೋ ದೇಹಕ್ಕೋ ಸಂಬಂಧಪಟ್ಟ ಮಾತು ಅಂತ ಅನ್ನಿಸುವುದೇ ಇಲ್ಲ. ಆ ತಲೆಬರಹ ತೆಗೆದು "ಇದು ಯಾರಿಗೆ ಅನ್ವಯಿಸುವುದಿಲ್ಲ" ಎಂದು ಹಾಕಿ. ಹಾಗೆ ಹಾಕಿದ ಮೇಲೆ ಕೆಳಗೆ ಏನು ಬರೆಯಬೇಕೆಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಇನ್ನು ಸುಮಾ ಅವರ ಪ್ರಶ್ನೆ. ಆ ಓದುಗರನ್ನು ದಾರಿ ತಪ್ಪಿಸಿದ್ದು ಅಡಿಯ ಪ್ಯಾರಾದ ಸಡಿಲತನ ಅಲ್ಲ, ಮೇಲಿನ ಸಾಲು. "ನಿಮ್ಮ ಎಫ್‌ಡಿಗೆ" ಅಂದಾಗ ಪ್ರತಿಯೊಬ್ಬರೂ ತಮ್ಮ ಎಫ್‌ಡಿಯನ್ನೇ ನೆನೆಯುತ್ತಾರೆ. ಠೇವಣಿ ವಿಮೆ ನಿಗಮ, ಅಂದರೆ ಡಿಐಸಿಜಿಸಿ, ವಿಮೆ ಕೊಡುವುದು ತನ್ನಲ್ಲಿ ನೋಂದಾಯಿತವಾದ ಬ್ಯಾಂಕುಗಳ ಠೇವಣಿಗೆ. ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಬರುತ್ತವೆ. ಸಹಕಾರ ಸಂಘಗಳು ಬರುವುದಿಲ್ಲ. ಮಿತಿ 2020ರ ಫೆಬ್ರವರಿ 4ರಿಂದ 5 ಲಕ್ಷ. ಆ 5 ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಒಬ್ಬರೇ ಹೆಸರಿನಲ್ಲಿ ಇಟ್ಟಿದ್ದರೂ ಎಲ್ಲ ಕೂಡಿಸಿಯೇ ಲೆಕ್ಕ.

ಸೌಹಾರ್ದದ ವಿಷಯದಲ್ಲಿ ಇನ್ನೊಂದು ತೊಡಕಿದೆ. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಾಯಿತವಾದವುಗಳಲ್ಲಿ ಆರ್‌ಬಿಐ ಪರವಾನಗಿ ಇರುವ ಬ್ಯಾಂಕುಗಳೂ ಇವೆ, ಪರವಾನಗಿ ಇಲ್ಲದ ಪತ್ತಿನ ಸಹಕಾರಿಗಳೂ ಇವೆ. ಹಾಗಾಗಿ "ಸೌಹಾರ್ದಕ್ಕೆ ವಿಮೆ ಇಲ್ಲ" ಅಂತ ಬರೆದರೂ ತಪ್ಪು, "ಇದೆ" ಅಂತ ಬರೆದರೂ ತಪ್ಪು. ಓದುಗರ ಕೈಗೆ ಒಂದು ಪರೀಕ್ಷೆ ಕೊಡಬೇಕು. ನಾನಾದರೆ ಆ ಸಾಲನ್ನೇ ಹೀಗೆ ಬದಲಿಸುತ್ತೇನೆ:

> ಆರ್‌ಬಿಐ ಪರವಾನಗಿ ಇರುವ ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅಸಲು ಬಡ್ಡಿ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರ ಸಂಘದಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲ. ನಿಮ್ಮದು ಬ್ಯಾಂಕೋ ಸಂಘವೋ ಎಂಬ ಅನುಮಾನವಿದ್ದರೆ ಡಿಐಸಿಜಿಸಿ ತಾಣದಲ್ಲಿರುವ ವಿಮೆ ಪಡೆದ ಬ್ಯಾಂಕುಗಳ ಪಟ್ಟಿಯಲ್ಲಿ ಹೆಸರು ಹುಡುಕಿ.

"ಭಯ ಬೇಡ" ಎಂಬುದನ್ನು ಪೂರ್ತಿ ತೆಗೆದಿದ್ದೇನೆ. ಯಾರ ಹಣ ಎಲ್ಲಿದೆ ಅಂತ ತಿಳಿಯದೆ ಕೊಡುವ ಆ ಭರವಸೆಯನ್ನು ಯಾವ ಎಚ್ಚರಿಕೆಯೂ ಸರಿಪಡಿಸಲಾರದು.

ನವೀನ್_ಡಿಸೈನ್

ಇದಕ್ಕೆ ಸುಲಭ ಉಪಾಯ ಇದೆ. ಲಾಯರ್ ಆಫೀಸುಗಳ ವೆಬ್‌ಸೈಟ್ ತೆರೆದ ತಕ್ಷಣ ಒಂದು ಪಾಪ್‌ಅಪ್ ಬರುತ್ತಲ್ಲ, "ಒಪ್ಪುತ್ತೇನೆ" ಒತ್ತದೆ ಒಳಗೇ ಹೋಗೋಕಾಗಲ್ಲ. ಅದನ್ನೇ ಹಾಕಿ. ಓದುಗ ಒಪ್ಪಿದ್ದಾನೆ ಅನ್ನೋದಕ್ಕೆ ದಾಖಲೆ ಇರುತ್ತೆ, ಆಮೇಲೆ ಯಾರೂ ಕೇಳೋ ಹಾಗಿಲ್ಲ.

ವಕೀಲ್‌ಬಾಯಿ_ಧಾರವಾಡ

ನವೀನ್ ಅವರ, ಆ ಪಾಪ್‌ಅಪ್ ಯಾಕ ಬಂತು ಅನ್ನೂದು ಮೊದಲ ನೋಡ್ರಿ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಮಾಡಿ ಕೇಸು ಕರೀಬಾರದು. 2008ರಾಗ ವೆಬ್‌ಸೈಟಿನ್ಯಾಗ ಹೆಸರು, ವಿಳಾಸ, ಸನ್ನದಿನ ವಿವರ, ಓದಿದ್ದು, ಯಾವ ಕ್ಷೇತ್ರದಾಗ ಕೆಲಸ ಮಾಡ್ತೀವಿ ಅನ್ನೂದಷ್ಟ ಹಾಕಲಿಕ್ಕೆ ಅವಕಾಶ ಕೊಟ್ರು. "ನಾನೇ ಹುಡುಕಿಕೊಂಡು ಬಂದೀನಿ, ನನ್ನನ್ನ ಯಾರೂ ಕರದಿಲ್ಲ" ಅಂತ ಬಂದವರ ಕಡೆಯಿಂದ ಹೇಳಸೂದ ಆ ಪಾಪ್‌ಅಪ್ಪಿನ ಕೆಲಸ. ಅದು ವಕೀಲರ ಸನ್ನದು ಕಾಯೂ ಸಾಧನ, ಓದುಗರಿಗೆ ತಿಳಿಸೂ ಸಾಧನ ಅಲ್ಲ. ಸುಮಾ ಅವರ ತಾಣಕ್ಕ ಅದನ್ನ ತಂದು ಹಚ್ಚಿದ್ರ ಓದುಗರು ಒಂದ ಗುಂಡಿ ಹೆಚ್ಚಿಗಿ ಒತ್ತತಾರ, ಅಷ್ಟ. ಸೌಹಾರ್ದದ 4 ಲಕ್ಷದ ತಪ್ಪು ಹಂಗ ಉಳೀತದ.

ಕಾನೂನು ಲೇಖನದಾಗ ಎಚ್ಚರಿಕೆ ಹೆಂಗ ಬರೀಬೇಕು ಅನ್ನೂದನ್ನ ಒಂದ ಉದಾಹರಣೆಯಿಂದ ಹೇಳ್ತೀನಿ. "ಅಪ್ಪನ ಆಸ್ತಿಯಲ್ಲಿ ಮಗಳಿಗೂ ಸಮಪಾಲು" ಅಂತ ಎಲ್ಲಾ ತಾಣದಾಗೂ ಲೇಖನ ಇರ್ತದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಬರದಿರ್ತಾರ. ಕಡೀಕ "ವಕೀಲರನ್ನು ಸಂಪರ್ಕಿಸಿ" ಅಂತಾರ. ಆದ್ರ ಓದೂ ಹೆಣ್ಣುಮಗಳಿಗೆ ಬೇಕಾದ್ದು ತನ್ನ ಮನಿಗೆ ಇದು ಹೊಂದತದೋ ಇಲ್ಲೋ ಅನ್ನೂದು. ಅದನ್ನ ತೀರ್ಮಾನ ಮಾಡೂ ಸಂಗತಿಗಳು ಮೂರ್ನಾಲ್ಕ ಅವ, ಅವನ್ನ ತಲೆಬರಹದ ಬುಡಕ್ಕ ಬರೀರಿ:

> ಈ ಲೇಖನ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳ ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಬಗ್ಗೆ. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಗೆ ಉಯಿಲು ಬರೆದಿಟ್ಟಿದ್ದರೆ ಲೆಕ್ಕ ಬೇರೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಈ ತಿದ್ದುಪಡಿಯಿಂದ ಅದು ಮತ್ತೆ ತೆರೆಯುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನು.

ಇದನ್ನ ಓದಿದಾಕಿ "ನಮ್ಮಲ್ಲೆ 1998ರಾಗ ರಿಜಿಸ್ಟರ್ ಪಾಲುಪಟ್ಟಿ ಆಗೇದಲ್ಲ" ಅಂತ ಅಲ್ಲೇ ನಿಲ್ತಾಳ. ಆಕಿಗೆ ತಪ್ಪು ಆಸೆ ಹುಟ್ಟೂದಿಲ್ಲ.

"ತಜ್ಞರನ್ನು ಸಂಪರ್ಕಿಸಿ" ಅನ್ನೂದನ್ನೂ ಬಿಡ್ರಿ. ಯಾವ ಬಾಗಿಲಿಗೆ ಹೋಗಬೇಕು ಅಂತ ಹೇಳ್ರಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗ್ತದ, ಆದಾಯ ಎಷ್ಟೇ ಇರಲಿ. ಮತ್ತ ಒಂದು ಸಾಲು ಬಿಡಲಾರದ ಹಾಕ್ರಿ: "ಕೋರ್ಟಿನಿಂದ ಸಮನ್ಸ್ ಬಂದಿದ್ದರೆ ಈ ಲೇಖನ ನಂಬಿ ಕೂರಬೇಡಿ, ಉತ್ತರ ಸಲ್ಲಿಸಲು ಸಾಮಾನ್ಯವಾಗಿ 30 ದಿನ." ಕೋರ್ಟು 90 ದಿನದವರೆಗೂ ಬಿಡಬಹುದು. ಆದ್ರ ಎಚ್ಚರಿಕೆಯೊಳಗ 30 ಅಂತನ ಬರೀರಿ. 90 ಅಂತ ಬರದ್ರ ಜನ ಅದನ್ನ ಹಿಡಕೊಂಡು ಕೂಡ್ತಾರ.

ಷೇರುಪೇಟೆ_ಕಿರಣ್

ನನ್ನದೂ ಇದೇ ಪ್ರಶ್ನೆ. ನಾನು ಷೇರುಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡ್ತೀನಿ, ಜೊತೆಗೆ ಬರೆದೂ ಹಾಕ್ತೀನಿ. ಯಾವ ಷೇರು, ಯಾವ ಬೆಲೆಗೆ ತಗೋಬಹುದು, ಟಾರ್ಗೆಟ್ ಎಷ್ಟು ಅಂತ ಹೇಳ್ತೀನಿ. ಶುರುವಲ್ಲೇ "ನಾನು ಸೆಬಿ ನೋಂದಾಯಿತ ಸಲಹೆಗಾರನಲ್ಲ, ಇದು ಕಲಿಕೆಗೆ ಮಾತ್ರ" ಅಂತ ದೊಡ್ಡ ಅಕ್ಷರದಲ್ಲಿ ಹಾಕ್ತೀನಿ. ಅಷ್ಟು ಸಾಕಲ್ವಾ? ನಿಜ ತಾನೆ ಹೇಳ್ತಿರೋದು.

ಅಡಿಬರಹ

ಸಾಲದು, ಕಿರಣ್. ಆ ಸಾಲಿನಿಂದ ನಿಮಗೆ ರಕ್ಷಣೆಯೂ ಇಲ್ಲ. ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಗಳಲ್ಲಿ ಸಾಮಾನ್ಯ ಅಭಿಪ್ರಾಯಕ್ಕೆ ವಿನಾಯಿತಿ ಇದೆ: ಪೇಟೆಯ ಒಲವು, ಆರ್ಥಿಕ ಸ್ಥಿತಿ ಇತ್ಯಾದಿ ಬಗ್ಗೆ, ಯಾವುದೇ ನಿರ್ದಿಷ್ಟ ಷೇರನ್ನೋ ಹೂಡಿಕೆಯನ್ನೋ ಹೆಸರಿಸದೆ ಒಳ್ಳೆಯ ನಂಬಿಕೆಯಿಂದ ಹೇಳುವ ಮಾತಿಗೆ. ಷೇರಿನ ಹೆಸರು, ಕೊಳ್ಳುವ ಬೆಲೆ, ಟಾರ್ಗೆಟ್ ಹೇಳಿದಿರಿ ಎಂದರೆ ಆ ವಿನಾಯಿತಿಯಿಂದ ಹೊರಗೆ ಬಂದಿರಿ. "ಕಲಿಕೆಗೆ ಮಾತ್ರ" ಎಂಬ ಪದಕ್ಕೂ 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಗಡಿ ಹಾಕಿತು. ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಬೆಲೆ ಬಳಸಿ ಷೇರಿನ ಹೆಸರೆತ್ತಿ ಮುಂದಿನ ಬೆಲೆ, ಶಿಫಾರಸು ಅಂತ ಮಾತಾಡುವಂತಿಲ್ಲ ಎಂದಿತು. ಈ ಅವಧಿಯ ಬಗ್ಗೆ ಸೆಬಿ ತಾಣದಲ್ಲಿ ಈಗಿನ ಸುತ್ತೋಲೆ ನೋಡಿಕೊಂಡೇ ಮುಂದುವರಿಯಿರಿ.

ಕಾನೂನನ್ನು ಪಕ್ಕಕ್ಕಿಟ್ಟರೂ, ಓದುಗರ ಕಡೆಯಿಂದ ನೋಡಿ. ಮೊದಲ ಸಾಲು "ಸಲಹೆ ಅಲ್ಲ" ಎನ್ನುತ್ತದೆ, ಹತ್ತನೇ ಸಾಲು "420ಕ್ಕೆ ತಗೊಳ್ಳಿ" ಎನ್ನುತ್ತದೆ. ಅವರ ತಲೆಯಲ್ಲಿ ಉಳಿಯುವುದು 420. ಹೇಳಿಕೆಗೆ ವಿರುದ್ಧವಾಗಿ ನಿಂತ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ದಾರಿತಪ್ಪಿಸುವ ಜಾಹೀರಾತುಗಳ ಮಾರ್ಗಸೂಚಿಯಲ್ಲೂ ಇದೇ ಇದೆ: ಇಂಥ ಟಿಪ್ಪಣಿ ಹೇಳಿಕೆಯನ್ನು ವಿವರಿಸಬಹುದು, ಗೊಂದಲ ಬಿಡಿಸಬಹುದು. ಹೇಳಿಕೆಯನ್ನೇ ಅಲ್ಲಗಳೆಯುವಂತಿಲ್ಲ, ಮುಖ್ಯ ವಿಷಯ ಮುಚ್ಚಿಡುವಂತಿಲ್ಲ, ತಪ್ಪು ಹೇಳಿಕೆಯನ್ನು ತಿದ್ದಲು ಬಳಸುವಂತಿಲ್ಲ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರವಿನ್ಯಾಸದಲ್ಲಿ ಇರಬೇಕು. ಹೇಳಿಕೆ ದನಿಯಲ್ಲಿದ್ದರೆ ಟಿಪ್ಪಣಿಯನ್ನು ಆ ದನಿಗೆ ಹೊಂದಿಸಿ, ಅದೇ ವೇಗದಲ್ಲಿ ತೋರಿಸಬೇಕು.

ಭಾಷೆಯ ಮಾತು ನಮಗೆ ಬಹಳ ಮುಖ್ಯ. ಲೇಖನವೆಲ್ಲ ಕನ್ನಡದಲ್ಲಿ ಬರೆದು ಅಡಿಯ ಎಚ್ಚರಿಕೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಅಂಟಿಸಿರುವ ಕನ್ನಡ ತಾಣಗಳು ಎಷ್ಟೋ ಇವೆ.

ಷೇರುಪೇಟೆ_ಕಿರಣ್

ಆ ಮಾರ್ಗಸೂಚಿ ಜಾಹೀರಾತಿಗೆ ತಾನೆ? ನಾನು ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ. ಡಿಮ್ಯಾಟ್ ಖಾತೆ ತೆರೆಯೋ ಲಿಂಕ್ ಒಂದು ಕೊಟ್ಟಿದ್ದೀನಿ ಅಷ್ಟೆ.

ಅಡಿಬರಹ

ಆ ಲಿಂಕಿನಿಂದ ಖಾತೆ ತೆರೆದವರ ಲೆಕ್ಕದಲ್ಲಿ ನಿಮಗೆ ಹಣ ಬರುವುದಾದರೆ ಅಲ್ಲಿಗೆ ಅದು ಪ್ರಚಾರವಾಯಿತು. "ಈ ಲಿಂಕಿನಿಂದ ಖಾತೆ ತೆರೆದರೆ ನನಗೆ ಹಣ ಬರುತ್ತದೆ" ಅಂತ ಗುಂಡಿಯ ಪಕ್ಕದಲ್ಲೇ ಬರೆಯಿರಿ, ವಿವರಣೆಯ ಪೆಟ್ಟಿಗೆಯ ತಳದಲ್ಲಿ ಅಲ್ಲ. ಹಣದ ಸಂಬಂಧವೇ ಇಲ್ಲದ ಲೇಖನಕ್ಕೆ 2022ರ ಮಾರ್ಗಸೂಚಿ ನೇರವಾಗಿ ಅನ್ವಯಿಸದು ಎಂಬುದು ಸರಿ. ಆದರೂ ಬರವಣಿಗೆಯ ಅಳತೆಗೋಲಾಗಿ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ. ಟಾರ್ಗೆಟ್ ಹೇಳಲೇಬೇಕು ಅಂತಿದ್ದರೆ ನೋಂದಣಿ ಮಾಡಿಸಿ, ಇಲ್ಲವಾದರೆ ಟಾರ್ಗೆಟ್ ಬಿಡಿ. ಮಧ್ಯದ ದಾರಿ ಒಂದು ಸಾಲಿನಿಂದ ಹುಟ್ಟುವುದಿಲ್ಲ.

ಔಷಧಿಅಂಗಡಿ_ಸಾಗರ

ಆರೋಗ್ಯದ ಭಾಗಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿನ ಫಲ ಒಂದೇ ದಿನದಲ್ಲಿ ಕಾಣಬಹುದು. ಎಲ್ಲೆಡೆ ಕಾಣುವ ಒಂದು ಸಾಲು: "ದಿನಾ ಬೆಳಿಗ್ಗೆ ಒಂದು ಚಮಚ ಮೆಂತ್ಯ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಪ್ರಯೋಗಿಸುವ ಮೊದಲು ವೈದ್ಯರನ್ನು ಸಂಪರ್ಕಿಸಿ."

ಮೆಂತ್ಯಕ್ಕಾಗಿ ಯಾರೂ ಟೋಕನ್ ತೆಗೆದುಕೊಂಡು ವೈದ್ಯರ ಬಳಿ ಕೂರುವುದಿಲ್ಲ. ಅಡುಗೆಮನೆಯ ವಸ್ತು, ಏನಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಆ ಎರಡನೇ ಸಾಲು ಇದ್ದೂ ಇಲ್ಲದ ಹಾಗೆ. ಯಾರಿಗೆ ಅಪಾಯ, ಯಾವ ಮಾತ್ರೆಯ ಜೊತೆ ಅಪಾಯ, ಅಪಾಯ ಬಂದರೆ ಹೇಗೆ ಗೊತ್ತಾಗುತ್ತದೆ ಅಂತ ಬರೆಯಬೇಕು.

ಇಲ್ಲಿ ಎರಡು ಬೇರೆ ಬೇರೆ ಅನಾಹುತಗಳಿವೆ. ಒಂದು, ಮೆಂತ್ಯ ಶುರುಮಾಡಿ ಮಾತ್ರೆ ನಿಲ್ಲಿಸುವುದು. ಇನ್ನೊಂದು, ಮಾತ್ರೆಯ ಮೇಲೆ ಮೆಂತ್ಯವೂ ಸೇರಿ, ತಿಂಡಿ ತಡವಾಗಿ, ಸಕ್ಕರೆ ತೀರಾ ಇಳಿಯುವುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗೆ ಇಳಿಯುವುದು ಅಪರೂಪ. ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರಲ್ಲಿ ಅಪರೂಪವಲ್ಲ. ಎಷ್ಟೋ ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮಿಪಿರೈಡ್ ಸೇರಿಯೇ ಇರುತ್ತದೆ, ತೆಗೆದುಕೊಳ್ಳುವವರಿಗೆ ಅದು ಗೊತ್ತಿರುವುದಿಲ್ಲ. ಅದಕ್ಕೇ ಮಾತ್ರೆಯ ಪಟ್ಟಿ ಹಿಂದೆ ತಿರುಗಿಸಿ ಓದಲು ಹೇಳಬೇಕು. ನಾನು ಬರೆಯುವುದು ಹೀಗೆ:

> ಮೆಂತ್ಯ ಮಾತ್ರೆಗೆ ಬದಲಿ ಅಲ್ಲ. ಈಗ ತೆಗೆದುಕೊಳ್ಳುತ್ತಿರುವ ಸಕ್ಕರೆ ಮಾತ್ರೆ, ಇನ್ಸುಲಿನ್ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ. ನಿಮ್ಮ ಮಾತ್ರೆಯ ಪಟ್ಟಿಯ ಹಿಂದೆ ಗ್ಲಿಮಿಪಿರೈಡ್ ಅಥವಾ ಗ್ಲಿಕ್ಲಜೈಡ್ ಎಂದಿದ್ದರೆ, ಅಥವಾ ಇನ್ಸುಲಿನ್ ಹಾಕಿಕೊಳ್ಳುತ್ತಿದ್ದರೆ, ವೈದ್ಯರಿಗೆ ಹೇಳದೆ ಇದನ್ನು ಶುರುಮಾಡಬೇಡಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಅಡುಗೆಯಲ್ಲಿ ಬಳಸುವಷ್ಟಕ್ಕೇ ನಿಲ್ಲಿಸಿ. ಬೆವರು, ನಡುಕ, ತಲೆಸುತ್ತು, ಮಂಕು ಬಂದರೆ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಉದ್ದವಾಯಿತು ಎನ್ನಬಹುದು. ಆದರೆ ಮೆಂತ್ಯದ ಹೇಳಿಕೆಯನ್ನು ಪ್ರಕಟಿಸಲೇಬೇಕೆಂದಿದ್ದರೆ ಇದರಲ್ಲಿ ಯಾವ ಸಾಲನ್ನು ಬಿಡಬಹುದು ಹೇಳಿ. "ಹತೋಟಿಗೆ ಬರುತ್ತದೆ" ಎಂಬುದನ್ನೂ "ಊಟದ ನಂತರದ ಸಕ್ಕರೆ ಏರುವುದನ್ನು ಸ್ವಲ್ಪ ತಗ್ಗಿಸಬಹುದು" ಎಂದು ಇಳಿಸಬೇಕು.

ಅದೇ ಪುಟದಲ್ಲಿ ಮಧುಮೇಹ ವಾಸಿಮಾಡುವ ಚೂರ್ಣದ ಜಾಹೀರಾತು ಬಂದರೆ ವಿಷಯವೇ ಬೇರೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ 1954ರ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಎಲ್ಲ ಇವೆ. ಆ ಕಾಯಿಲೆ ವಾಸಿಮಾಡುತ್ತದೆ ಅಂತ ಔಷಧದ ಜಾಹೀರಾತು ಹಾಕುವುದೇ ಅಪರಾಧ. ಕೆಳಗೆ ಏನು ಬರೆದರೂ ಅದು ಸರಿಹೋಗುವುದಿಲ್ಲ.

ಅಡಿಬರಹ

ನಿಮ್ಮ ಸಾಲುಗಳು ನನಗೆ ಒಪ್ಪಿಗೆ. ಇರುವ ಜಾಗದ ಬಗ್ಗೆ ಮಾತ್ರ ಒಂದು ಮಾತು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದರೆ ಜನ ದಾಟಿ ಹೋಗುತ್ತಾರೆ. "ಮಾತ್ರೆ ನಿಲ್ಲಿಸಬೇಡಿ", "ಈ ಮಾತ್ರೆ ಇದ್ದರೆ ಬೇಡ" ಎರಡೂ ಮೆಂತ್ಯದ ಅಳತೆ ಹೇಳುವ ಸಾಲಿಗಿಂತ ಮೊದಲೇ ಬರಲಿ. ಬೆವರು, ನಡುಕದ ಭಾಗ ಅಳತೆಯ ನಂತರ ಬರಲಿ, ಏಕೆಂದರೆ ಅದು ಬೇಕಾಗುವುದು ಕುಡಿದ ಮೇಲೆ.

ಔಷಧಿಅಂಗಡಿ_ಸಾಗರ

ಅಳತೆಯನ್ನೇ ಕೊಡಬಾರದು ಅಂತ ನನ್ನ ಅಭಿಪ್ರಾಯ. "ಒಂದು ಚಮಚ" ಅಂದ ಕೂಡಲೇ ಅದು ಔಷಧದ ಚೀಟಿಯಂತೆ ಕಾಣುತ್ತದೆ.

ಅಡಿಬರಹ

ಅಳತೆ ಕೊಡದಿದ್ದರೆ ಒಂದು ಹಿಡಿ ನೆನೆಸುವವರೂ ಇರುತ್ತಾರೆ. ಮೇಲ್ಮಿತಿ ಹೇಳದ ಮನೆಮದ್ದು ಇನ್ನೂ ಅಪಾಯ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ನಾವಿಬ್ಬರೂ ಒಂದೇ ಕಡೆ ಬರುವುದಿಲ್ಲ ಅನ್ನಿಸುತ್ತದೆ.

ಕೋಡ್‌ಕಟ್ಟೆ

ಬರೆದದ್ದು ಓದುಗರಿಗೆ ತಲುಪುವ ಭಾಗದ ಬಗ್ಗೆ ನಾನು ಹೇಳುತ್ತೇನೆ. ಒಳ್ಳೆಯ ಎಚ್ಚರಿಕೆ ಬರೆದೂ ಮೂರು ಕಡೆ ಅದು ಕಳೆದುಹೋಗುತ್ತದೆ.

ಮೊದಲನೆಯದು ವಾಟ್ಸಾಪ್. ನಮ್ಮ ಲೇಖನಗಳು ಹೆಚ್ಚು ಓಡಾಡುವುದು ಅಲ್ಲೇ, ಮತ್ತು ಲಿಂಕ್ ಒತ್ತದೆ ಬರೀ ತಲೆಬರಹ, ಅದರ ಕೆಳಗಿನ ಒಂದೆರಡು ಸಾಲು ನೋಡಿ ಮುಂದಕ್ಕೆ ಕಳಿಸುವವರೇ ಬಹಳ. ಆ ಸಾಲು ಬರುವುದು ಪುಟದ ಕೋಡಿನಲ್ಲಿರುವ `og:description` ಎಂಬ ಟ್ಯಾಗ್‌ನಿಂದ. ಅದನ್ನು ಖಾಲಿ ಬಿಟ್ಟರೆ ಲೇಖನದ ಮೊದಲ ವಾಕ್ಯ ಅಲ್ಲಿಗೆ ಹೋಗಿ ಕೂರುವುದೂ ಉಂಟು, ಅದು ಸಾಮಾನ್ಯವಾಗಿ ಅತಿ ದೊಡ್ಡ ಭರವಸೆಯ ವಾಕ್ಯವೇ ಆಗಿರುತ್ತದೆ. ಮಿತಿಯನ್ನೇ ಅಲ್ಲಿ ಬರೆಯಿರಿ:

```html
<meta property="og:title" content="ಬ್ಯಾಂಕ್ ಠೇವಣಿಗೆ 5 ಲಕ್ಷದ ವಿಮೆ: ಯಾರಿಗೆ ಇದೆ, ಯಾರಿಗೆ ಇಲ್ಲ">
<meta property="og:description" content="ಆರ್‌ಬಿಐ ಪರವಾನಗಿಯ ಬ್ಯಾಂಕಿಗೆ ಮಾತ್ರ. ಸಹಕಾರ ಸಂಘದ ಠೇವಣಿಗೆ ಇಲ್ಲ.">
```

ಮೊದಲ ಹತ್ತು ಪದಗಳೊಳಗೆ ಮುಖ್ಯ ಮಾತು ಮುಗಿಯಲಿ, ಆಮೇಲಿನದನ್ನು ಫೋನು ಕತ್ತರಿಸಿಬಿಡಬಹುದು.

ಎರಡನೆಯದು ಮಡಚಿಟ್ಟ ಪೆಟ್ಟಿಗೆ. ಪುಟ ಚೆಂದ ಕಾಣಲಿ ಅಂತ ಎಚ್ಚರಿಕೆಯನ್ನು `<details>` ಒಳಗೆ ಹಾಕುತ್ತಾರೆ. ಒತ್ತದ ಹೊರತು ಅದು ತೆರೆಯುವುದಿಲ್ಲ. ಬೂದು ಬಣ್ಣದ ಸಣ್ಣ ಅಕ್ಷರವೂ ಅದೇ ತಪ್ಪು: ಕನ್ನಡದ ಒತ್ತಕ್ಷರ ಚಿಕ್ಕ ಗಾತ್ರದಲ್ಲಿ ಒಂದರ ಮೇಲೊಂದು ಕೂತು, ವಯಸ್ಸಾದವರಿಗೆ ಓದಲು ಆಗುವುದೇ ಇಲ್ಲ. ಲೇಖನದ ಅಕ್ಷರ ಎಷ್ಟಿದೆಯೋ ಎಚ್ಚರಿಕೆಯದೂ ಅಷ್ಟೇ ಇರಲಿ. ಚಿತ್ರವಾಗಿ ಹಾಕಬೇಡಿ, ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೆ ಅದು ಕೇಳಿಸುವುದಿಲ್ಲ.

ಮೂರನೆಯದು ದಿನಾಂಕ. ವರ್ಡ್‌ಪ್ರೆಸ್‌ನಲ್ಲಿ `the_modified_date()` ಬಳಸಿ "ಕೊನೆಯ ಪರಿಶೀಲನೆ" ಅಂತ ತೋರಿಸುವವರಿದ್ದಾರೆ. ಒಂದು ಅಲ್ಪವಿರಾಮ ತಿದ್ದಿದರೂ ಆ ದಿನಾಂಕ ಇವತ್ತಿನದಾಗುತ್ತದೆ. ವಿಷಯ ಹಳೆಯದು, ದಿನಾಂಕ ಹೊಸದು. ಪರಿಶೀಲಿಸಿದ ದಿನಕ್ಕೆ ಬೇರೆಯೇ ಜಾಗ ಇಡಿ, ಅದನ್ನು ಪರಿಶೀಲಿಸಿದವರೇ ಕೈಯಿಂದ ತುಂಬಲಿ:

```php
<?php $d = get_post_meta( get_the_ID(), 'reviewed_on', true );
if ( $d ) echo 'ಪರಿಶೀಲಿಸಿದ ದಿನ: ' . esc_html( $d ); ?>
```

ತುಂಬದಿದ್ದರೆ ಏನೂ ತೋರಿಸುವುದಿಲ್ಲ. ಸುಳ್ಳು ದಿನಾಂಕಕ್ಕಿಂತ ಅದು ಮೇಲು.

ವಕೀಲ್‌ಬಾಯಿ_ಧಾರವಾಡ

ದಿನಾಂಕದ ಮಾತು ಖರೇ ಅದ. ಕರ್ನಾಟಕದಾಗ ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ಕ್ಕ ಶೇ 1ರಿಂದ ಶೇ 2ಕ್ಕ ಏರಿತು. 50 ಲಕ್ಷದ ಮನಿಗೆ ನೋಂದಣಿ ಶುಲ್ಕ ಒಂದ ರಾತ್ರ್ಯಾಗ 50 ಸಾವಿರದಿಂದ 1 ಲಕ್ಷ ಆತು. ಹಳೇ ಲೇಖನ ಓದಿ ರೊಕ್ಕ ಹೊಂದಿಸಿಕೊಂಡವರು ಉಪನೋಂದಣಾಧಿಕಾರಿ ಕಚೇರಿಯಾಗ ನಿಂತು 50 ಸಾವಿರ ಎಲ್ಲಿಂದ ತರಬೇಕು? 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದದ. ಇನ್ನೂ "ಐಪಿಸಿ 420" ಅಂತ ಬರದ ಲೇಖನ ಹಂಗ ಕುಂತಾವ, ಈಗ ಅದು 318ರ 4ನೇ ಉಪಕಲಂ. ಆದ್ರ ಆ ದಿನಕ್ಕಿಂತ ಮೊದಲ ನಡದ ಅಪರಾಧಕ್ಕ ಹಳೇ ಐಪಿಸಿನೇ. ಹಿಂಗಾಗಿ ಬರೀ ದಿನಾಂಕ ಹಾಕಿದ್ರ ಸಾಲೂದಿಲ್ಲ, "ಇಂಥ ದಿನದ ನಂತರದ ಪ್ರಕರಣಕ್ಕೆ" ಅಂತ ಬರೀಬೇಕು.

ನವೀನ್_ಡಿಸೈನ್

ಪಾಪ್‌ಅಪ್ ಬಗ್ಗೆ ಒಪ್ಪಿದೆ. ಆದರೆ ಅಡಿಯ ಪ್ಯಾರಾವನ್ನ ಪೂರ್ತಿ ತೆಗೆದುಬಿಡೋದಾ? ನಾಳೆ ಯಾರಾದರೂ ಕೇಸು ಹಾಕಿದರೆ?

ವಕೀಲ್‌ಬಾಯಿ_ಧಾರವಾಡ

ತೆಗೀಬ್ಯಾಡ್ರಿ. ಇರಲಿ, ಆದ್ರ ಅದರಿಂದ ಏನೂ ನಿರೀಕ್ಷೆ ಮಾಡಬ್ಯಾಡ್ರಿ. ಅದರೊಳಗ ನೀವು ಯಾರು, ಲೇಖನ ಬರದವರ ವಿದ್ಯಾರ್ಹತೆ ಏನು, ತಪ್ಪು ಕಂಡ್ರ ಯಾವ ವಿಳಾಸಕ್ಕ ಬರೀಬೇಕು ಅನ್ನೂದನ್ನ ಹಾಕ್ರಿ. "ನಿಖರತೆಗೆ ಹೊಣೆ ಇಲ್ಲ" ಅನ್ನೂ ಸಾಲು ಕೋರ್ಟಿನ್ಯಾಗ ಎಷ್ಟು ನಿಲ್ತದ ಅನ್ನೂದು ಆಯಾ ಪ್ರಕರಣದ ಮ್ಯಾಲ ಹೋಗ್ತದ, ನಾನು ಇಲ್ಲೆ ಭರವಸೆ ಕೊಡೂದಿಲ್ಲ.

ಸುಮಾ_ಅಂಗಳ

ಎಲ್ಲರಿಗೂ ವಂದನೆ. ಎಫ್‌ಡಿ ಸಾಲನ್ನು ಬದಲಿಸಿದೆ, ಮೆಂತ್ಯದ ಲೇಖನವನ್ನು ಸದ್ಯಕ್ಕೆ ಕೆಳಗಿಳಿಸಿದ್ದೇನೆ. ಮುನ್ನೂರರಷ್ಟು ಹಳೆಯ ಲೇಖನಗಳಿವೆ. ಎಲ್ಲಿಂದ ಶುರುಮಾಡಲಿ? ಹೊಸ ಸಾಲು ಸರಿಯಾಗಿ ಅರ್ಥವಾಗುತ್ತಿದೆ ಅಂತ ಹೇಗೆ ತಿಳಿಯುವುದು?

ಅಡಿಬರಹ

ಮೊದಲು ಮಾತ್ರೆ, ಅಳತೆ, ಮಕ್ಕಳು, ಗರ್ಭಿಣಿ ಎಂಬ ಪದಗಳಿರುವ ಲೇಖನಗಳನ್ನು ತಾಣದೊಳಗೇ ಹುಡುಕಿ ತೆಗೆಯಿರಿ. ಆಮೇಲೆ ಶುಲ್ಕ, ಶೇಕಡಾ, ಕೊನೆಯ ದಿನ, ಕಲಂ ಇರುವವು. ಉಳಿದವು ಕಾಯಬಹುದು. ಈ ಎರಡು ಗುಂಪಿನಲ್ಲಿ ತಿದ್ದಲು ಸಮಯವಿಲ್ಲದ್ದನ್ನು ಎಚ್ಚರಿಕೆ ಅಂಟಿಸಿ ಉಳಿಸಿಕೊಳ್ಳಬೇಡಿ, ಇಳಿಸಿಬಿಡಿ.

ಅರ್ಥವಾಯಿತೇ ಅಂತ ತಿಳಿಯಲು, ಆ ವಿಷಯ ಗೊತ್ತಿಲ್ಲದ ಐದು ಜನರಿಗೆ ಅವರವರ ಫೋನಿನಲ್ಲೇ ಲೇಖನ ತೆರೆದುಕೊಡಿ. "ಎಚ್ಚರಿಕೆ ಓದಿದಿರಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಫೋನು ವಾಪಸ್ ತೆಗೆದುಕೊಂಡು "ನಿಮ್ಮ ಹಣ ಎಲ್ಲಿದೆ? ಅದಕ್ಕೆ ವಿಮೆ ಇದೆಯೇ?" ಅಂತ ಕೇಳಿ. ಒಬ್ಬರು ತಪ್ಪು ಹೇಳಿದರೂ ಸಾಲು ತಿದ್ದಿ, ಬೇರೆ ಐವರಿಗೆ ತೋರಿಸಿ.

ಸುಮಾ_ಅಂಗಳ

ಐವರಿಗೆ ತೋರಿಸಿದೆ. ಮೂವರು ಸರಿ ಹೇಳಿದರು. ಒಬ್ಬರು "ನಂದು ಸಂಘದಲ್ಲಿಲ್ಲ, ಸೊಸೈಟಿಯಲ್ಲಿದೆ, ಹಾಗಾಗಿ ವಿಮೆ ಇದೆ" ಅಂದರು. ಅವರ ಪಾಸ್‌ಬುಕ್ಕಿನ ಮೇಲೆ "ಪತ್ತಿನ ಸಹಕಾರಿ ನಿಯಮಿತ" ಅಂತಿದೆ, ಊರಲ್ಲಿ ಎಲ್ಲರೂ ಕರೆಯುವುದು ಸೊಸೈಟಿ ಅಂತ. ಇನ್ನೊಬ್ಬರ ಹಣ ಅಂಚೆ ಕಚೇರಿಯಲ್ಲಿತ್ತು, ಲೇಖನ ಓದಿ ತಮಗೂ 5 ಲಕ್ಷದ ಮಿತಿ ಇದೆ ಅಂತ ಗಾಬರಿಯಾದರು.

ಅಡಿಬರಹ

ಎರಡೂ ನಾನು ಬರೆದ ಸಾಲಿನ ತಪ್ಪು. ಪಾಸ್‌ಬುಕ್ಕಿನಲ್ಲಿರುವ ಪದ, ಊರಿನವರ ಬಾಯಲ್ಲಿರುವ ಪದ ಎರಡನ್ನೂ ಹಾಕಬೇಕಿತ್ತು. ಅಂಚೆ ಕಚೇರಿಯ ಉಳಿತಾಯ ಯೋಜನೆಗಳ ಹಿಂದೆ ಕೇಂದ್ರ ಸರ್ಕಾರವೇ ಇದೆ, ಡಿಐಸಿಜಿಸಿ ಮಿತಿ ಅಲ್ಲಿಗೆ ಬರುವುದಿಲ್ಲ. ಎರಡನೇ ವಾಕ್ಯವನ್ನು ಹೀಗೆ ಮಾಡಿ: "ಸಹಕಾರ ಸಂಘ, ಪತ್ತಿನ ಸಹಕಾರಿ, ಸೊಸೈಟಿ, ವಿಎಸ್‌ಎಸ್‌ಎನ್ ಎಂದು ಪಾಸ್‌ಬುಕ್ಕಿನ ಮೇಲಿದ್ದು, ಅದರ ಹೆಸರು ಡಿಐಸಿಜಿಸಿ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ವಿಮೆ ಇಲ್ಲ. ಅಂಚೆ ಕಚೇರಿಯ ಹಣಕ್ಕೆ ಸರ್ಕಾರದ ಖಾತ್ರಿ ಇದೆ, ಈ 5 ಲಕ್ಷದ ಮಿತಿ ಅದಕ್ಕಲ್ಲ."

ಪುಟ್ಟರಾಜು_ಎಂ

ನನ್ನ ಹಣ ಚೀಟಿ ಫಂಡಿನಲ್ಲಿದೆ. ಈ ಸಾಲು ಓದಿದರೆ ನಾನು ಯಾವುದರಲ್ಲಿ ಬರ್ತೀನಿ ಗೊತ್ತಾಗ್ತಿಲ್ಲ.

ಸುಮಾ_ಅಂಗಳ

ಅದನ್ನೂ ಸೇರಿಸುತ್ತೇನೆ ಪುಟ್ಟರಾಜು ಅವರೇ. ಚೀಟಿ ಫಂಡ್ ಬ್ಯಾಂಕ್ ಠೇವಣಿಯೇ ಅಲ್ಲ, ಹಾಗಾಗಿ ಈ ವಿಮೆ ಅದಕ್ಕಿಲ್ಲ. ನಾಳೆ ಬೇರೆ ಐವರಿಗೆ ತೋರಿಸುತ್ತೇನೆ.